10 ರೂಪಾಯಿಯಿಂದ 13,780: ಏಣಿ ಹತ್ತುವ ಮೊದಲು ಕೊನೆಯ ಮೆಟ್ಟಿಲು ನೋಡಿ

ಮೊದಲ ವಾರ 10 ರೂಪಾಯಿ ತೆಗೆದಿಡಿ. ಎರಡನೇ ವಾರ 20, ಮೂರನೇ ವಾರ 30. ಹೀಗೆ ವಾರಕ್ಕೆ ಹತ್ತು ಹತ್ತು ಏರಿಸುತ್ತಾ ಹೋದರೆ 52 ವಾರಕ್ಕೆ 13,780 ರೂಪಾಯಿ. ಈ ಲೆಕ್ಕ ನಿಮ್ಮ ಫೋನಿಗೂ ಬಂದಿರುತ್ತದೆ. ಹೊಸ ವರ್ಷ, ಯುಗಾದಿ ಹತ್ತಿರ ಬಂತೆಂದರೆ ಯಾವುದಾದರೂ ಗ್ರೂಪಿನಲ್ಲಿ ಯಾರಾದರೂ ಹಾಕೇ ಹಾಕುತ್ತಾರೆ.

ಲೆಕ್ಕದಲ್ಲಿ ಮೋಸ ಇಲ್ಲ. ಮೊದಲ ವಾರದ 1 ಮತ್ತು ಕೊನೆಯ ವಾರದ 52 ಕೂಡಿದರೆ 53. ಎರಡನೇ ವಾರದ 2, ಕೊನೆಯಿಂದ ಎರಡನೇ ವಾರದ 51 ಕೂಡಿದರೂ 53. ಇಂಥ ಜೋಡಿ 26 ಇವೆ. 26 ಸಲ 53 ಅಂದರೆ 1,378. ವಾರಕ್ಕೆ ಒಂದೊಂದು ರೂಪಾಯಿ ಏರಿಸಿದರೆ ವರ್ಷಕ್ಕೆ ಇಷ್ಟು. ಹತ್ತು ಹತ್ತು ಏರಿಸಿದರೆ ಅದರ ಹತ್ತು ಪಟ್ಟು, ಐದೈದು ಏರಿಸಿದರೆ ಐದು ಪಟ್ಟು, ಅಂದರೆ 6,890.

ನಮ್ಮ ತಕರಾರು ಇರುವುದು ಮೊದಲ ಸಾಲಿನ ಬಗ್ಗೆ. "ಬರೀ 10 ರೂಪಾಯಿ" ಅಂತ ಶುರುವಾಗುವ ಈ ಮೆಸೇಜು ಕೊನೆಯ ತಿಂಗಳ ಸುದ್ದಿ ಎತ್ತುವುದೇ ಇಲ್ಲ. ಮೊದಲ ನಾಲ್ಕು ವಾರಕ್ಕೆ ಬೇಕಾಗುವುದು ಒಟ್ಟು 100 ರೂಪಾಯಿ. ಕೊನೆಯ ನಾಲ್ಕು ವಾರಕ್ಕೆ 490, 500, 510, 520. ಒಟ್ಟು 2,020. ಅರ್ಧ ವರ್ಷ ತಪ್ಪದೆ ಕಟ್ಟಿದವರ ಹತ್ತಿರ ಇರುವುದು 3,510, ಅಂದರೆ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗವನ್ನು ಇನ್ನರ್ಧ ವರ್ಷದಲ್ಲಿ ಕಟ್ಟಬೇಕು.

ತಿಂಗಳಿಗೆ ಸರಿಯಾಗಿ ಸಂಬಳ ಬರುವ ಮನೆಗೆ ಇದು ಹೇಗೋ ಸಾಗಬಹುದು. ನಮ್ಮ ಕಡೆಯ ಮನೆಗಳಲ್ಲಿ ದುಡ್ಡು ಬರುವ ದಾರಿಯೇ ಬೇರೆ. ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಡೇರಿಯಲ್ಲಿ ವಾರದ ಬಟವಾಡೆ. ಎರಡೂ ಹಸು ಕರೆಯುವಾಗ ಬೂಸಾದ ದುಡ್ಡು ಹಿಡಿದುಕೊಂಡು ಕೈಗೆ 1,200 ರೂಪಾಯಿ ಬರುತ್ತದೆ ಅಂದುಕೊಳ್ಳಿ. ಮನೆ ಸಾಮಾನು, ಬಸ್ಸು, ಔಷಧಿ ಎಲ್ಲ ಅದರಲ್ಲೇ ಆಗಬೇಕು.

ಈ ಮನೆಯವರು ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹತ್ತರ ಏಣಿ ಹತ್ತಿದರೆ, ದೊಡ್ಡ ಮೆಟ್ಟಿಲುಗಳೆಲ್ಲ ಮಾರ್ಚ್, ಏಪ್ರಿಲ್, ಮೇ ತಿಂಗಳಿಗೆ ಬಂದು ಬೀಳುತ್ತವೆ. ಕೊನೆಯ 13 ವಾರಗಳಿಗೇ 5,980 ರೂಪಾಯಿ. ಅದೇ ಬೇಸಿಗೆಯಲ್ಲಿ ಹಸಿರು ಮೇವು ಇರುವುದಿಲ್ಲ, ಹುಲ್ಲು ಕೊಳ್ಳಬೇಕು, ಹಾಲೂ ಕಡಿಮೆ. ಮದುವೆ, ಜಾತ್ರೆಗಳೂ ಆಗಲೇ. 1,200ರಲ್ಲಿ 520 ತೆಗೆದಿಡು ಅಂದರೆ ಯಾರಿಗೂ ಆಗದು. ಏಪ್ರಿಲ್‌ನಲ್ಲಿ ಒಂದು ವಾರ ತಪ್ಪುತ್ತದೆ, ಮುಂದಿನ ವಾರ ಎರಡೂ ಸೇರಿ ಸಾವಿರದ ಹತ್ತಿರ ಹೋಗುತ್ತದೆ, ಅಲ್ಲಿಗೆ ಪುಸ್ತಕ ಮುಚ್ಚಿದಂತೆ. ಕಟ್ಟುವವರಿಗೆ ಶಿಸ್ತಿಲ್ಲ ಅಂತ ಬೈಯುವವರು ಈ ಕೂಡಿಕೆಯನ್ನು ಒಮ್ಮೆ ಮಾಡಿ ನೋಡಲಿ.

ಹಾಗಾಗಿ ಮೆಟ್ಟಿಲಿನ ಅಳತೆಯನ್ನು ಮೊದಲ ವಾರ ನೋಡಿ ನಿರ್ಧರಿಸಬೇಡಿ, ಕೊನೆಯ ವಾರ ನೋಡಿ ನಿರ್ಧರಿಸಿ. ಮನೆಗೆ ತೀರಾ ಒಳ್ಳೆಯ ವಾರದಲ್ಲಿ ನೋವಿಲ್ಲದೆ ಎಷ್ಟು ತೆಗೆದಿಡಬಹುದು? ನಾವು ಲೆಕ್ಕಕ್ಕೆ ಹಿಡಿದ ಮನೆಗೆ 260 ಆದೀತು. ಅಂದರೆ ಇವರದು ಐದರ ಏಣಿ. 5ರಿಂದ 260ರವರೆಗೆ, ವರ್ಷಕ್ಕೆ 6,890. 13,780 ಕೇಳಿ ಹಿಗ್ಗಿದವರಿಗೆ ಇದು ಸಣ್ಣದು ಅನಿಸಬಹುದು. ಅರ್ಧಕ್ಕೆ ನಿಂತ 13,780 ಅಂದರೆ 3,510 ಮಾತ್ರ ಅನ್ನುವುದನ್ನು ಮರೆಯಬಾರದು.

ಎರಡನೆಯದು, ಏಣಿಯನ್ನು ಕೆಳಗಿನಿಂದ ಮೇಲಕ್ಕೇ ಹತ್ತಬೇಕು ಅಂತ ಯಾವ ಕಾನೂನೂ ಇಲ್ಲ. ಒಂದು ಹಾಳೆಯಲ್ಲಿ 5, 10, 15 ಅಂತ 260ರವರೆಗೆ 52 ಸಂಖ್ಯೆ ಬರೆದು ಡೇರಿ ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಳ್ಳಿ. ಪ್ರತಿ ಬಟವಾಡೆಯ ದಿನ ಒಂದು ಸಂಖ್ಯೆ ಹೊಡೆದು ಹಾಕಬೇಕು. ಯಾವುದು ಅನ್ನುವುದು ನಿಮ್ಮಿಷ್ಟ, ಒಂದನ್ನು ಮಾತ್ರ ಹೊಡೆಯಲೇಬೇಕು. ಯಾವ ಕ್ರಮದಲ್ಲಿ ಹೊಡೆದರೂ ಮೊತ್ತ ಬದಲಾಗುವುದಿಲ್ಲ.

ಹೀಗೆ ಮಾಡಿದಾಗ ಹಸುವಿನ ಲೆಕ್ಕಕ್ಕೂ ಉಳಿತಾಯದ ಲೆಕ್ಕಕ್ಕೂ ಹೊಂದಿಕೆ ಬರುತ್ತದೆ. ಕರು ಹಾಕುವುದಕ್ಕೆ ಎರಡು ತಿಂಗಳು ಇರುವಾಗ ಹಸುವನ್ನು ಕರೆಯುವುದು ನಿಲ್ಲಿಸುತ್ತೇವೆ. ಆ ಎಂಟು ವಾರ ಮನೆಯಲ್ಲಿ ಒಂದೇ ಹಸುವಿನ ಹಾಲು, ಬಟವಾಡೆ ಅರ್ಧ. ಆಗ 5ರಿಂದ 40ರವರೆಗಿನ ಎಂಟು ಸಂಖ್ಯೆ ಹೊಡೆಯಿರಿ. ಎಂಟು ವಾರಕ್ಕೆ ಒಟ್ಟು 180 ರೂಪಾಯಿ. ಕರು ಹಾಕಿದ ಮೇಲೆ ಹಾಲು ಏರುತ್ತದೆ. ಮೊದಲ ಎರಡು ಮೂರು ತಿಂಗಳಲ್ಲಿ ಹಾಲು ಹೆಚ್ಚಿರುತ್ತದೆ ಅನ್ನುವುದು ಹಸು ಕಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಆ ಹೊತ್ತಿನ ಎಂಟು ವಾರ 225ರಿಂದ 260ರವರೆಗಿನ ದೊಡ್ಡವನ್ನು ಹೊಡೆದರೆ 1,940 ಆಗುತ್ತದೆ. ಮಿಕ್ಕ 36 ವಾರಗಳಿಗೆ ನಡುವಿನ ಸಂಖ್ಯೆಗಳು, ಅವುಗಳದ್ದು 4,770. ಮೂರೂ ಕೂಡಿ ನೋಡಿ, 6,890 ಸರಿಯಾಗಿ ಬರುತ್ತದೆ. ರಾಗಿ ಮಾರಿದ ದುಡ್ಡು ಬಂದ ವಾರವೂ ದೊಡ್ಡದನ್ನೇ ಹೊಡೆಯಬಹುದು.

ಕೆಲವು ಊರುಗಳಲ್ಲಿ ಬಟವಾಡೆ ಹದಿನೈದು ದಿನಕ್ಕೊಮ್ಮೆ. ಅವರು ಒಂದು ಸಣ್ಣದು, ಒಂದು ದೊಡ್ಡದು ಜೋಡಿ ಮಾಡಿ ಹೊಡೆದರಾಯಿತು. 5 ಮತ್ತು 260, 10 ಮತ್ತು 255. ಪ್ರತಿ ಜೋಡಿಯೂ 265. ಏರುವ ಏಣಿ ಆಗ ಸಮನಾದ ಕಂತೇ ಆಗಿಬಿಡುತ್ತದೆ.

ಈ ದಾರಿಯಲ್ಲೂ ಒಂದು ಹಳ್ಳವಿದೆ. ಇಷ್ಟ ಬಂದದ್ದನ್ನು ಹೊಡೆಯಬಹುದು ಅಂದಾಗ ಎಲ್ಲರ ಕೈಯೂ ಸಣ್ಣ ಸಂಖ್ಯೆಗೇ ಹೋಗುತ್ತದೆ. ಅರ್ಧ ವರ್ಷದಲ್ಲಿ ಚಿಕ್ಕವೆಲ್ಲ ಮುಗಿದು, ದೊಡ್ಡವು ಸಾಲಾಗಿ ನಿಂತಿರುತ್ತವೆ. ಆಗ ಮತ್ತೆ ಅದೇ ಹಳೆಯ ಏಣಿ. ಇದನ್ನು ಮೊದಲೇ ಗುರುತಿಸಲು 13, 26, 39ನೇ ವಾರಗಳಲ್ಲಿ ಕೂಡಿ ನೋಡಿ. ಸುಮಾರು 1,700, 3,450, 5,150 ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. 26ನೇ ವಾರಕ್ಕೆ 1,755 ಮಾತ್ರ ಇದ್ದರೆ ಬರೀ ಸಣ್ಣವನ್ನೇ ಹೊಡೆದಿದ್ದೀರಿ ಅಂತ ಅರ್ಥ. ಆಗ ಉಳಿದ ಪ್ರತಿ ವಾರಕ್ಕೂ ಸರಾಸರಿ 200ರ ಹತ್ತಿರ ಬೇಕು. ಹಸು ಕರು ಹಾಕುವುದು ಮುಂದಿದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಆ ವಾರವೇ ಒಂದೆರಡು ದೊಡ್ಡದಕ್ಕೆ ಕೈ ಹಾಕಬೇಕು.

ದುಡ್ಡನ್ನು ಎಲ್ಲಿಡುವುದು? ಮನೆಯ ಡಬ್ಬಿಯಲ್ಲಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹಾಲಿನ ದುಡ್ಡು ಬೀಳುವ ಖಾತೆಯಲ್ಲೇ ಬಿಟ್ಟರೂ ಅದೇ ಕಥೆ, ಯಾವುದು ಉಳಿತಾಯ ಯಾವುದು ಖರ್ಚಿನದು ಅಂತ ಗೆರೆ ಇರುವುದಿಲ್ಲ. ಬೇರೆ ಖಾತೆ ಬೇಕು. ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು 500 ರೂಪಾಯಿಯಿಂದ ತೆರೆಯಬಹುದು, ಆ 500 ಯಾವಾಗಲೂ ಒಳಗೇ ಇರಬೇಕು. ಆರ್‌ಡಿ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟಬೇಕು, ಅಂಚೆ ಕಚೇರಿಯದಾದರೆ ಐದು ವರ್ಷದ ಅವಧಿ. ವಾರವಾರವೂ ಅಂಚೆ ಕಚೇರಿಗೆ ಹೋಗುವುದು ಆಗದಿದ್ದರೆ, ತಿಂಗಳಿಗೊಮ್ಮೆ ಹೊಡೆದ ಸಂಖ್ಯೆಗಳನ್ನು ಕೂಡಿ ಕಟ್ಟಿ ಬನ್ನಿ.

1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂತೆ ಎತ್ತುತ್ತಿದ್ದರು. ಬಾಗಿಲಿಗೆ ಒಬ್ಬರು ಬಂದು ನಿಲ್ಲುವುದೇ ಪಿಗ್ಮಿಯ ಅರ್ಧ ಶಕ್ತಿ ಅಂತ ನಮ್ಮ ಅಭಿಪ್ರಾಯ. ಏಣಿ ಲೆಕ್ಕದಲ್ಲಿ ಯಾರೂ ಬಂದು ಕೇಳುವುದಿಲ್ಲ. ಅದಕ್ಕೇ ಬಟವಾಡೆಯ ದಿನಕ್ಕೇ ಇದನ್ನು ಗಂಟು ಹಾಕಿ ಅಂದದ್ದು.

ಬಡ್ಡಿಯ ಆಸೆಗೆ ಇದನ್ನು ಮಾಡುವುದಾದರೆ ಬೇಡ. ವರ್ಷಕ್ಕೆ ನೂರಕ್ಕೆ 4 ರೂಪಾಯಿಯಂತೆ ಹಿಡಿದರೂ 13,780ರ ಏರುವ ಏಣಿಗೆ ವರ್ಷದ ಕೊನೆಗೆ ಸಿಗುವುದು ಸುಮಾರು 180 ರೂಪಾಯಿ. ಹೆಚ್ಚಿನ ದುಡ್ಡು ಕೊನೆಗೆ ಬಂದು ಸೇರುವುದರಿಂದ ಅದಕ್ಕೆ ಬೆಳೆಯಲು ಸಮಯವೇ ಸಿಗುವುದಿಲ್ಲ. ತಿರುಗಿಸಿ 520ರಿಂದ ಇಳಿಯುತ್ತಾ ಬಂದರೆ ಅದರ ಎರಡರಷ್ಟು, 360. ಎರಡೂ ಒಂದು ಮೂಟೆ ಬೂಸಾಕ್ಕೂ ಸಾಲದು.

ಲಾಭ ಇರುವುದು ಬೇರೆ ಕಡೆ. ಜೂನ್‌ನಲ್ಲಿ ಫೀಸು, ಪುಸ್ತಕ, ಬಿತ್ತನೆ ಬೀಜ, ಗೊಬ್ಬರ ಎಲ್ಲ ಒಟ್ಟಿಗೆ ಬಂದಾಗ ಊರಿನಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದುಕೊಳ್ಳಿ. 6,890 ರೂಪಾಯಿ ಸಾಲ ತಂದು ಹತ್ತು ತಿಂಗಳ ಮೇಲೆ ರಾಗಿ ಮಾರಿ ತೀರಿಸಿದರೆ ಬಡ್ಡಿಯೇ 2,067. ಮೇ ಕೊನೆಗೆ ನಿಮ್ಮದೇ 6,890 ಕೈಯಲ್ಲಿದ್ದರೆ ಈ ಎರಡು ಸಾವಿರ ಮನೆಯಲ್ಲೇ ಉಳಿಯುತ್ತದೆ. ಅದಕ್ಕೇ ಜನವರಿಗೋ ಯುಗಾದಿಗೋ ಶುರು ಮಾಡುವುದರಲ್ಲಿ ಅರ್ಥ ಕಡಿಮೆ. ದುಡ್ಡು ಬೇಕಾಗುವ ವಾರದಿಂದ 52 ವಾರ ಹಿಂದಕ್ಕೆ ಎಣಿಸಿ ಶುರು ಮಾಡಬೇಕು.

ಈಗಾಗಲೇ ಅಂಥ ಮೂರು ರೂಪಾಯಿ ಬಡ್ಡಿಯ ಸಾಲ ತಲೆಯ ಮೇಲೆ ಇದ್ದವರು ಖಾತೆ ತೆರೆಯುವುದೇ ಬೇಡ. ಅದೇ ಹಾಳೆ, ಅದೇ 52 ಸಂಖ್ಯೆ ಇರಲಿ, ಹೊಡೆದ ದುಡ್ಡು ಮಾತ್ರ ಸಾಲ ಕೊಟ್ಟವರ ಕೈಗೆ ಹೋಗಲಿ. ಆದರೆ ಕೊಡುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಸಣ್ಣ ಸಣ್ಣ ಮೊತ್ತ ಕೊಟ್ಟರೆ ಅಸಲಿಗೆ ಮುರಿದುಕೊಳ್ಳುತ್ತಾರೋ, ಇಲ್ಲ ಬಡ್ಡಿಗೆ ಅಂತ ಬರೆದುಕೊಳ್ಳುತ್ತಾರೋ? ಅಸಲಿಗೆ ಮುರಿದುಕೊಳ್ಳುವುದಿಲ್ಲ ಅಂದರೆ, ಮೂರು ತಿಂಗಳಿನದು ಒಟ್ಟು ಮಾಡಿಟ್ಟು ಒಮ್ಮೆಗೇ ಕೊಟ್ಟು, ಅಸಲು ಎಷ್ಟಕ್ಕೆ ಇಳಿಯಿತು ಅಂತ ಬರೆಸಿಕೊಂಡು ಬನ್ನಿ.