ಫ್ರಿಜ್ ಮುಂದಿನ ಚಪ್ಪಲಿ

ಸಕಲೇಶಪುರ, ಆಲೂರು ಕಡೆಯ ತೋಟದ ಮಾಲೀಕರೇ, ಮಳೆ ಹಿಡಿಯುವ ಮುಂಚೆ ನಿಮ್ಮ ಲೈನ್ ಮನೆಗಳ ಒಳಗೆ ಹೋಗಿ ಬನ್ನಿ. ಫ್ರಿಜ್ ಮುಂದೆ ಹಲಗೆ ಹಾಸಿದೆಯೇ, ಗೋಣಿಚೀಲವಿದೆಯೇ, ರಬ್ಬರ್ ಚಪ್ಪಲಿ ಬಿಟ್ಟಿದ್ದಾರೆಯೇ ನೋಡಿ. "ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡು ತೆಗಿ" ಎಂದು ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ.

ಫ್ರಿಜ್‌ನೊಳಗಿನ ಮೋಟರಿನಿಂದ ತುಸು ಕರೆಂಟು ಮೈಗೆ ಸೋರುವುದು ಸಹಜ. ಅರ್ಥಿಂಗ್ ಇದ್ದರೆ ಅದು ಸದ್ದಿಲ್ಲದೆ ಮಣ್ಣಿಗೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಸುಮಾರು ಒಂದು ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತು ದಾಟಿದರೆ ಹಿಡಿದ ಕೈ ಬಿಡಲಾಗದೇ ಹೋಗಬಹುದು. ಇಂದಿನ ಜುಮ್ ಕೊಲ್ಲದಿರಬಹುದು. ಆದರೆ ಆ ಮನೆಗೆ ಅರ್ಥಿಂಗ್ ಇಲ್ಲವೆಂದು ಅದು ದಿನವೂ ಹೇಳುತ್ತಿದೆ.

ಇದಕ್ಕೆ ಕೆಲವರು ಮಾಡುವ ಮದ್ದು ಘೋರ: ಸಾಕೆಟ್‌ನ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿ ನ್ಯೂಟ್ರಲ್‌ಗೆ ಕಟ್ಟುವುದು. ಜುಮ್ ನಿಲ್ಲುತ್ತದೆ, ಮನೆಯವರು ದುಡ್ಡು ಕೊಟ್ಟು ಕೈಮುಗಿಯುತ್ತಾರೆ. ಜುಲೈನಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಕಂಬದಿಂದ ಬರುವ ನ್ಯೂಟ್ರಲ್ ತಂತಿ ಕಡಿದುಹೋಯಿತು ಎನ್ನಿ. ಆಗ ಫೇಸ್ ಕರೆಂಟು ಬಲ್ಬು, ಟಿವಿಗಳ ಮೂಲಕ ಮನೆಯೊಳಗಿನ ನ್ಯೂಟ್ರಲ್‌ಗೆ ಬಂದು, ಆ ತುಂಡು ವೈರಿನಲ್ಲಿ ಫ್ರಿಜ್ ಮೈಗೆ ಇಳಿಯುತ್ತದೆ. ದೀಪ ಉರಿಯುತ್ತಿಲ್ಲ, ಕರೆಂಟ್ ಹೋಗಿದೆ ಎಂದುಕೊಂಡು ಒದ್ದೆ ನೆಲದ ಮೇಲೆ ನಿಂತವಳು ಮುಟ್ಟುವುದು 230 ವೋಲ್ಟನ್ನು.

ಪರೀಕ್ಷೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಫೇಸ್–ನ್ಯೂಟ್ರಲ್ ನಡುವೆ ಮೀಟರ್ ಸುಮಾರು 230 ತೋರಿಸಬೇಕು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಗಾಬರಿ ಬೇಡ. ಇಸ್ತ್ರಿಪೆಟ್ಟಿಗೆ ಹಾಕಿದಾಗಲೂ ಅದು ಅಲುಗದೆ ಸೊನ್ನೆಯಲ್ಲೇ ನಿಂತರೆ ಅನುಮಾನಪಡಿ. ಮೇನ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿಸಿ, ಆ ತುಂಡು ವೈರ್ ಹುಡುಕಿಸಿ. ಮೀಟರ್ ಸರಿಯಿದೆ ಎಂದರೂ ಅಷ್ಟಕ್ಕೇ ಸುಮ್ಮನಾಗಬೇಡಿ. ಹೆಸರಿಗಷ್ಟೇ ಇರುವ ಅರ್ಥಿಂಗ್‌ನಲ್ಲೂ ಅದು 230 ತೋರಿಸಬಲ್ಲದು. ಅರ್ಥ್ ಗುಂಡಿಯ ನಿಜವಾದ ತಡೆಯನ್ನು ಅರ್ಥ್ ಟೆಸ್ಟರ್ ಮಾತ್ರ ಹೇಳೀತು.

ಆ ತಡೆ 50 ಓಮ್ ಬಂತು ಎಂದುಕೊಳ್ಳಿ. ಬೇಸಿಗೆಯಲ್ಲಿ ಒಣಗಿದ ಗುಡ್ಡದ ಮಣ್ಣಿನಲ್ಲಿ ಇದೇನೂ ವಿಚಿತ್ರವಲ್ಲ. ಫೇಸ್ ನೇರವಾಗಿ ಫ್ರಿಜ್ ಮೈಗೆ ತಗುಲಿದರೂ ಹರಿಯುವುದು ನಾಲ್ಕೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಗುಂಡಿಯೂ ಬೇಕು, ಆರ್‌ಸಿಸಿಬಿಯೂ ಬೇಕು.

ಮೋಟರ್ ಮನೆಗೆ, ಪಲ್ಪರ್‌ಗೆ ಅರ್ಥಿಂಗ್ ಹಾಕಿಸುವಾಗ ನೀವು ಚೌಕಾಸಿ ಮಾಡಿಲ್ಲ. ಲೈನ್ ಮನೆಗೂ ಅದೇ ಎಲೆಕ್ಟ್ರಿಷಿಯನ್‌ನನ್ನು ಕಳಿಸಿ. ಜೂನ್‌ಗೆ ಮುಂಚೆ.