ಲೌಂಜ್ ಫ್ರೀ ಉಂಟು ಮಾರಾಯ!

ಕಳೆದ ಮೇ ತಿಂಗಳಲ್ಲಿ ಮೂಡುಬಿದಿರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು ಬಂಟ್ವಾಳದ ಕಡೆಯ ಸೋದರಮಾವನ ಮಗ. ಪಾಯಸ ಬರುವ ಹೊತ್ತಿಗೆ ಪರ್ಸ್‌ನಿಂದ ಹೊಸ ಕ್ರೆಡಿಟ್ ಕಾರ್ಡ್ ತೆಗೆದು ತೋರಿಸಿದ. "ವರ್ಷಕ್ಕೆ ಎರಡೂವರೆ ಸಾವಿರ ಅಷ್ಟೆ, ಏರ್‌ಪೋರ್ಟಲ್ಲಿ ಲೌಂಜ್ ಫ್ರೀ ಉಂಟು ಮಾರಾಯ!" ಎದುರಿಗೆ ಕೂತಿದ್ದ ಬೆಳ್ತಂಗಡಿಯ ಭಾವನ ಹತ್ತಿರವೂ ಅದೇ ಕಾರ್ಡ್. ನನ್ನ ಪರ್ಸ್‌ನಲ್ಲೂ ಇತ್ತು. ನಾವು ಮೂವರೂ ಬೆಂಗಳೂರಲ್ಲಿ ಕೆಲಸ ಮಾಡುವವರು, ಊರಿಗೆ ಬರುವುದು ರಾತ್ರಿ ಬಸ್ಸಲ್ಲಿ. ವಿಮಾನ ಹತ್ತುವುದು ವರ್ಷಕ್ಕೆ ಎರಡು ಸಲವೋ ಮೂರು ಸಲವೋ.

ಅವತ್ತು ನಾನು ಸುಮ್ಮನೆ ತಲೆಯಾಡಿಸಿದೆ. ಇವತ್ತಾದರೆ ಸುಮ್ಮನಿರುವುದಿಲ್ಲ. ನಮ್ಮಂಥವರು ಲೌಂಜ್‌ಗೋಸ್ಕರ ಕಾರ್ಡ್ ಇಟ್ಟುಕೊಳ್ಳುವುದು ದಂಡ. ಬೇಕಾದ ದಿನ ಬೇಕಾದ ಗಂಟೆಗೆ ದುಡ್ಡು ಕೊಟ್ಟು ಒಳಗೆ ಹೋಗುವುದೇ ವಾಸಿ. ಇನ್ನು ಹತ್ತು ಗಂಟೆಗಿಂತ ಉದ್ದದ ಲೇಓವರ್ ಇದ್ದರೆ, ಕಾರ್ಡ್ ಸಿಗುತ್ತದೆ ಎಂದು ನಂಬಿ ಕೂರುವಷ್ಟು ದೊಡ್ಡ ತಪ್ಪು ಬೇರೆ ಇಲ್ಲ. ಇದು ನನಗೆ ಗೊತ್ತಾಗಿದ್ದು ಅಮ್ಮನ ಕಾಲು ಊದಿದ ಮೇಲೆ.

ಅಕ್ಕನ ಮನೆ ಫ್ರಾಂಕ್‌ಫರ್ಟ್‌ನಲ್ಲಿ. ಮೂರು ತಿಂಗಳು ಅಲ್ಲಿದ್ದ ಅಮ್ಮನನ್ನು ಕರೆದುಕೊಂಡು ಬರಲು ಹೋಗಿದ್ದೆ. ಮುಂಬೈ ಮೂಲಕ ಮಂಗಳೂರಿಗೆ ಬರುವ ಟಿಕೆಟ್ ಇಬ್ಬರಿಗೆ ಸೇರಿ ಹನ್ನೊಂದು ಸಾವಿರ ಕಡಿಮೆ ಇತ್ತು. ಮುಂಬೈಯಲ್ಲಿ ಇಳಿಯುವುದು ರಾತ್ರಿ 1.30ಕ್ಕೆ, ಮಂಗಳೂರು ವಿಮಾನ ಮರುದಿನ ಮಧ್ಯಾಹ್ನ 3.40ಕ್ಕೆ. ಹದಿನಾಲ್ಕು ಗಂಟೆ. "ಕಾರ್ಡ್ ಉಂಟಲ್ಲ, ಲೌಂಜಲ್ಲಿ ಮಲಗುವ ಅಮ್ಮ" ಅಂದೆ.

ಇಲ್ಲಿ ಮೊದಲ ಪೆಟ್ಟು. ಹೊರದೇಶದಿಂದ ಬಂದವರು ಸಾಮಾನ್ಯವಾಗಿ ಭಾರತದಲ್ಲಿ ಇಳಿದ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ ಹೊರಗೆ ಬರಬೇಕು. ನಾವು ಬರುವಾಗ ಮೂರು ಗಂಟೆ. ಕಾರ್ಡ್ ನಡೆಯುವ ಡೊಮೆಸ್ಟಿಕ್ ಲೌಂಜ್ ಇರುವುದು ಸೆಕ್ಯುರಿಟಿಯ ಆಚೆ. ಆಚೆ ಹೋಗಬೇಕಾದರೆ ದೊಡ್ಡ ಬ್ಯಾಗ್‌ಗಳನ್ನು ಕೌಂಟರಿಗೆ ಒಪ್ಪಿಸಬೇಕು. ಮಧ್ಯಾಹ್ನದ ವಿಮಾನದ ಬ್ಯಾಗನ್ನು ಬೆಳಗಿನ ಜಾವ ಮೂರಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ನಾಲ್ಕು ಬ್ಯಾಗ್ ಹೇರಿದ ಟ್ರಾಲಿಯ ಪಕ್ಕ, ಕಬ್ಬಿಣದ ಕುರ್ಚಿಯಲ್ಲಿ ಅಮ್ಮ ಎಂಟು ಗಂಟೆ ಕೂತರು.

ಎರಡನೆಯ ಪೆಟ್ಟು ಹನ್ನೊಂದೂಮುಕ್ಕಾಲಿಗೆ. ಅಂತೂ ಬ್ಯಾಗ್ ಕೊಟ್ಟು, ಸೆಕ್ಯುರಿಟಿ ದಾಟಿ ಲೌಂಜ್ ಬಾಗಿಲಿಗೆ ಹೋದರೆ, "ವಿಮಾನ ಹೊರಡುವ ಮೂರು ಗಂಟೆ ಮೊದಲು ಮಾತ್ರ ಎಂಟ್ರಿ ಸರ್" ಅಂದರು. ಅಂದರೆ 12.40. ನಿಯಮ ಅವರದ್ದು ಸರಿಯೇ. ಕಾರ್ಡಿನ ಭೇಟಿ ಎಂದರೆ ಹೆಚ್ಚಿನ ಕಡೆ ಎರಡರಿಂದ ಮೂರು ಗಂಟೆಯ ಭೇಟಿ. ಬ್ಯಾಂಕಿನ ಜಾಹೀರಾತಿನಲ್ಲಿ ಎಷ್ಟು ಸಲ ಎಂದು ದೊಡ್ಡದಾಗಿ ಇರುತ್ತದೆ, ಎಷ್ಟು ಹೊತ್ತು ಎಂದು ಇರುವುದಿಲ್ಲ. ಹದಿನಾಲ್ಕು ಗಂಟೆಯಲ್ಲಿ ನಮಗೆ ಸಿಕ್ಕಿದ್ದು ಎರಡು ಗಂಟೆ ಹತ್ತು ನಿಮಿಷ, ಅದೂ ನಿದ್ದೆಯ ಹೊತ್ತೆಲ್ಲ ಕಳೆದ ಮೇಲೆ.

ಮೂರನೆಯದು ಅಲ್ಲೇ. ಫ್ರೀ ನನಗೆ, ಅಮ್ಮನಿಗೆ ಅಲ್ಲ. ಅವರ ಪ್ರವೇಶಕ್ಕೆ 1,500 ರೂಪಾಯಿ ಕೊಟ್ಟೆ. ಆ ಲೌಂಜಿನಲ್ಲಿ ಕಾರ್ಡೇ ಇಲ್ಲದವನಿಗೂ ಅಷ್ಟೇ ದರ.

ಈಗ ಲೆಕ್ಕ ಹಾಕುವ. ಕಾರ್ಡಿನ ವರ್ಷದ ಶುಲ್ಕ 2,500, ಶೇ. 18 ಜಿಎಸ್‌ಟಿ ಸೇರಿ 2,950. ಆ ವರ್ಷ ನಾನು ಲೌಂಜ್ ಬಳಸಿದ್ದು ಎರಡೇ ಸಲ: ಇದೊಂದು, ಮತ್ತೊಮ್ಮೆ ನಲವತ್ತು ನಿಮಿಷ ಇಡ್ಲಿ ತಿನ್ನಲು. ಒಂದು 'ಫ್ರೀ' ಭೇಟಿಗೆ 1,475 ರೂಪಾಯಿ ಬಿತ್ತು. ಬಾಗಿಲಲ್ಲಿ ಕೊಟ್ಟು ಹೋಗಿದ್ದರೆ 1,500. ವರ್ಷವಿಡೀ ಕಾರ್ಡ್ ಸಾಕಿದ್ದಕ್ಕೆ ಉಳಿದದ್ದು ಭೇಟಿಗೆ ಇಪ್ಪತ್ತೈದು ರೂಪಾಯಿ!

ಅದೂ ಷರತ್ತು ದಾಟಿದರೆ. ಐಸಿಐಸಿಐ ಬ್ಯಾಂಕ್ 2024ರ ಏಪ್ರಿಲ್ 1ರಿಂದ ತನ್ನ ಹಲವು ಕಾರ್ಡ್‌ಗಳಿಗೆ ಒಂದು ನಿಯಮ ತಂದಿತು: ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚು ಮಾಡಿದ್ದರೆ ಮಾತ್ರ ಈ ತ್ರೈಮಾಸಿಕದಲ್ಲಿ ಲೌಂಜ್. ಬೇರೆ ಬ್ಯಾಂಕುಗಳಲ್ಲೂ ಇಂಥ ಷರತ್ತುಗಳಿವೆ. 'ಹಿಂದಿನ' ಎಂಬ ಶಬ್ದವನ್ನು ನೋಡಿ. ಮೇ ತಿಂಗಳ ಮದುವೆಗೆ ಬರುವವನು ಜನವರಿಯಿಂದ ಮಾರ್ಚ್ ಒಳಗೆ ಖರ್ಚು ಮಾಡಿರಬೇಕು. ಟಿಕೆಟ್ಟನ್ನೇ ಏಪ್ರಿಲ್‌ನಲ್ಲಿ ತೆಗೆದರೆ ಆ ದುಡ್ಡು ಲೆಕ್ಕಕ್ಕೆ ಬರುವುದು ಜುಲೈಯಿಂದ ಶುರುವಾಗುವ ತ್ರೈಮಾಸಿಕದ ಭೇಟಿಗೆ. ಒಂದು ಪ್ಲೇಟ್ ಉಪ್ಪಿಟ್ಟಿಗೋಸ್ಕರ ಮೂರು ತಿಂಗಳ ಮೊದಲೇ ಸಾವಿರಾರು ರೂಪಾಯಿ ಖರ್ಚು ಮಾಡಿ ಕಾಯುವುದು ಎಂತ ಲಾಭ?

ಹೊರದೇಶದ ಲೌಂಜಿಗೆಂದು ಬ್ಯಾಂಕು ಕೊಡುವ ಪ್ರಯಾರಿಟಿ ಪಾಸ್ ಇನ್ನೂ ಮೋಜು. ಸದಸ್ಯತ್ವ ಫ್ರೀ ಎಂದಾಕ್ಷಣ ಭೇಟಿಯೂ ಫ್ರೀ ಎಂದು ಅರ್ಥವಲ್ಲ. ನನ್ನ ಕಾರ್ಡಿನಲ್ಲಿ ಉಚಿತ ಭೇಟಿ ಮುಗಿದ ಮೇಲೆ ಮತ್ತು ಜೊತೆಗಿರುವವರಿಗೆ ತಲೆಗೆ 27 ಡಾಲರ್, ಮೇಲೆ ಜಿಎಸ್‌ಟಿ. ಬಾಗಿಲಲ್ಲಿ ಯಾರೂ ದುಡ್ಡು ಕೇಳುವುದಿಲ್ಲ, ನಗುತ್ತಾ ಸ್ವೈಪ್ ಮಾಡುತ್ತಾರೆ. ಬಿಲ್ಲು ಮನೆಗೆ ಬಂದ ಮೇಲೆ ಗೊತ್ತಾಗುವುದು. ಮೂರು ಗಂಟೆ ಮುಗಿದು ಮತ್ತೆ ಸ್ವೈಪ್ ಮಾಡಿದರೆ ಅದು ಇನ್ನೊಂದು ಭೇಟಿ.

ಕಾರ್ಡ್ ಯಾರಿಗೂ ಬೇಡ ಎನ್ನುತ್ತಿಲ್ಲ. ತಿಂಗಳಿಗೆರಡು ಸಲ ಒಬ್ಬನೇ ಹಾರುವವನಿಗೆ, ಎರಡು ಗಂಟೆ ಸಮಯ ಸಿಗುವವನಿಗೆ ಅದು ಲಾಭವೇ. ಶುಲ್ಕವಿಲ್ಲದ ಡೆಬಿಟ್ ಕಾರ್ಡಿನಲ್ಲಿ ಲೌಂಜ್ ಇದ್ದರೆ ಧಾರಾಳ ಬಳಸಿ. ರಿವಾರ್ಡ್ ಪಾಯಿಂಟ್‌ಗೋಸ್ಕರ ಕಾರ್ಡ್ ಇಟ್ಟವರು ಪಾಯಿಂಟ್ ಲೆಕ್ಕ ಹಾಕಲಿ. ನನ್ನ ಜಗಳ ಇರುವುದು 'ಲೌಂಜ್ ಫ್ರೀ' ಎಂಬ ಒಂದೇ ಮಾತಿಗೆ ಕಾರ್ಡ್ ತೆಗೆದುಕೊಂಡ ನಮ್ಮ ಮೂರೂರಿನ ಹುಡುಗರ ಜೊತೆ.

ಉದ್ದದ ಲೇಓವರ್‌ನಲ್ಲಿ ಬೇಕಾದದ್ದು ಬಫೆ ಅಲ್ಲ, ಬೆನ್ನು ಚಾಚುವ ಜಾಗ. ಆದ್ದರಿಂದ ಮೊದಲು ಟಿಕೆಟ್ ಕೊಟ್ಟ ವಿಮಾನ ಕಂಪನಿಯನ್ನೇ ಕೇಳಿ. ಎಮಿರೇಟ್ಸ್‌ನ 'ದುಬೈ ಕನೆಕ್ಟ್' ಥರದ ವ್ಯವಸ್ಥೆಯಲ್ಲಿ, ಷರತ್ತಿಗೆ ಒಳಪಟ್ಟ ಉದ್ದದ ಲೇಓವರ್‌ಗೆ ಹೋಟೆಲ್ ಕೋಣೆ ಅವರೇ ಕೊಡುತ್ತಾರೆ. ಆದರೆ ಮೊದಲೇ ಬುಕ್ ಮಾಡಬೇಕು. ಅದಿಲ್ಲದಿದ್ದರೆ ಗಂಟೆ ಲೆಕ್ಕದ ಟ್ರಾನ್ಸಿಟ್ ಹೋಟೆಲ್ ಹುಡುಕಿ. ಬೆಂಗಳೂರಿನಲ್ಲಿ '080 ಟ್ರಾನ್ಸಿಟ್ ಹೋಟೆಲ್' ಉಂಟು, ಇಂಥದ್ದು ಮುಂಬೈಯಲ್ಲೂ ಉಂಟು. ಬುಕ್ ಮಾಡುವಾಗ ಒಂದೇ ಪ್ರಶ್ನೆ ತಪ್ಪದೆ ಕೇಳಿ: ಕೋಣೆ ಸೆಕ್ಯುರಿಟಿಯ ಈಚೆಯೋ ಆಚೆಯೋ? ಬ್ಯಾಗ್ ಕೈಯಲ್ಲಿದ್ದರೆ ಈಚೆಯದ್ದೇ ಬೇಕು. ಲೌಂಜ್ ಬೇಕೆನಿಸಿದರೆ ಕೊನೆಯ ಎರಡು ಗಂಟೆಗೆ, ಸ್ನಾನ ಊಟಕ್ಕೆ, ದುಡ್ಡು ಕೊಟ್ಟು ಹೋಗಿ.

ಆ ರಾತ್ರಿ ಆರು ಗಂಟೆಯ ಕೋಣೆಗೆ ಇಬ್ಬರಿಗೂ ಸೇರಿ 4,500 ಹೇಳಿದ್ದರು. "ಲೌಂಜ್ ಫ್ರೀ ಇರುವಾಗ ಇದೆಲ್ಲ ಯಾಕೆ" ಎಂದು ನಾನೇ ಬೇಡ ಅಂದಿದ್ದೆ. ಕಾರ್ಡಿನ ಶುಲ್ಕ, ಅಮ್ಮನ ಪ್ರವೇಶ ಸೇರಿ ನಾನು ಕೊಟ್ಟದ್ದು 4,450. ಬಜ್ಪೆಯಲ್ಲಿ ಇಳಿದು ಬೆಳ್ತಂಗಡಿಗೆ ಹೋಗುವ ಕಾರಿನಲ್ಲಿ ಅಮ್ಮ ಚಪ್ಪಲಿ ಹಾಕಲಾಗದೆ ಕೈಯಲ್ಲಿ ಹಿಡಿದುಕೊಂಡಿದ್ದರು. "ಊಟ ಒಳ್ಳೇದಿತ್ತು ಮಗ" ಅಂದರು. ಮರುವಾರ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ರದ್ದು ಮಾಡಿಸಿದೆ. ಭಾವನಿಗೂ ಲೆಕ್ಕ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.