ಚಾನೆಲ್ಲಿಗೆ ಸೀಮೆಯ ಹೆಸರು, ಅಡುಗೆಯವಳಿಗೆ ಹೆಸರಿಲ್ಲ

ಅಡುಗೆ ಚಾನೆಲ್ ತೆರೆಯುವವರಿಗೆಲ್ಲ ಸಿಗುವ ಸಲಹೆ ಒಂದೇ: ಹೆಸರಿನಲ್ಲಿ ‘ಉತ್ತರ ಕರ್ನಾಟಕ’ ಇರಲಿ, ಹುಡುಕಿದವರಿಗೆ ಸಿಗುತ್ತೀರಿ. ಇದನ್ನು ನಾವು ಒಪ್ಪುವುದಿಲ್ಲ.

ಮಹಾಂತೇಶ ನಗರದಲ್ಲಿ ನಮ್ಮ ಪರಿಚಯದ ಒಬ್ಬ ವೈನಿ ಇದ್ದಾರೆ. ತವರು ಖಾನಾಪುರದ ಕಡೆ. ಚಾನೆಲ್ಲಿಗೆ ತಮ್ಮ ಹೆಸರಿಡಬೇಕೆಂಬ ಆಸೆ ಅವರದು. ಮಗ ಕೇಳಿದ್ದು, “ಅವ್ವಾ, ನಿನ್ನ ಹೆಸರು ಯಾರಿಗಿ ಗೊತ್ತೈತಿ? ಉತ್ತರ ಕರ್ನಾಟಕ ಅಂತ ಇಡೂಣು.”

ಆ ಹೆಸರು ವೈನಿಯ ಅಡುಗೆಗೇ ಹೊಂದುವುದಿಲ್ಲ. ಸವದತ್ತಿ, ರಾಮದುರ್ಗ ಜೋಳದ ಬಯಲು. ಅದೇ ಜಿಲ್ಲೆಯ ಖಾನಾಪುರ ಪಶ್ಚಿಮ ಘಟ್ಟದ ಅಂಚಿನ ಮಳೆಸೀಮೆ, ಅಲ್ಲಿ ಭತ್ತ ಮುಖ್ಯ. ‘ಉತ್ತರ ಕರ್ನಾಟಕ’ ಎಂದು ಓದಿ ಬಂದವರು ರೊಟ್ಟಿ, ಝುಣಕ, ಎಣಗಾಯಿಯನ್ನೇ ಕೇಳುತ್ತಾರೆ. ಅವರನ್ನು ಮೆಚ್ಚಿಸಲು ವೈನಿ ತವರಿನ ಅಕ್ಕಿಯ ಅಡುಗೆ ಬಿಟ್ಟು ರೊಟ್ಟಿ ಬಡಿಯುತ್ತ ಕೂರಬೇಕಾಗುತ್ತದೆ. ಪ್ರಾದೇಶಿಕ ಅಡುಗೆ ತೋರಿಸಲು ಹೊರಟವರು ಪ್ರದೇಶವನ್ನೇ ಚಪ್ಪಟೆ ಮಾಡಿದ ಹಾಗಾಯಿತು.

ಹುಡುಕುವವರ ಮಾತೂ ಅಷ್ಟೇ. ಜನ ಹುಡುಕುವುದು ಪದಾರ್ಥವನ್ನು, ಆ ಕೆಲಸಕ್ಕೆ ವೀಡಿಯೊದ ಶೀರ್ಷಿಕೆ ಇದೆ. 2014ರಲ್ಲಿ Belgaum ಅಧಿಕೃತವಾಗಿ Belagavi ಆಯಿತು, ಇವತ್ತಿಗೂ ಜನ ಎರಡನ್ನೂ ಟೈಪು ಮಾಡುತ್ತಾರೆ. ಶೀರ್ಷಿಕೆ ಮತ್ತು ವಿವರಣೆಯಲ್ಲಿ ಎರಡನ್ನೂ ಬರೆಯಬಹುದು, ವೀಡಿಯೊದಿಂದ ವೀಡಿಯೊಗೆ ಬದಲಿಸಬಹುದು. ಚಾನೆಲ್ಲಿನ ಹೆಸರಲ್ಲಿ ಆ ಸಲೀಸು ಇಲ್ಲ. ಯೂಟ್ಯೂಬ್ 14 ದಿನಕ್ಕೆ ಎರಡು ಸಲ ಹೆಸರು ಬದಲಿಸಲು ಬಿಡುತ್ತದೆ ನಿಜ, ಆದರೆ ದೃಢೀಕರಣದ ಗುರುತು ಸಿಕ್ಕಿದ್ದರೆ ಅದು ಹೋಗುತ್ತದೆ.

ಇನ್ನೊಂದು ತೊಡಕು ಕಾನೂನಿನದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಮಿನಂತೆ, ಸರಕಿನ ಗುಣ ಅಥವಾ ಊರನ್ನಷ್ಟೇ ಹೇಳುವ ಹೆಸರು, ಬಳಕೆಯಿಂದಲೇ ಪ್ರತ್ಯೇಕ ಗುರುತು ಗಳಿಸಿದ್ದರ ಹೊರತು, ನೋಂದಣಿ ಆಗುವುದಿಲ್ಲ. ನಾಳೆ ಇದೇ ಹೆಸರಲ್ಲಿ ಇನ್ನೊಬ್ಬರು ಚಟ್ನಿಪುಡಿ ಮಾರಿದರೆ ತಡೆಯುವುದು ಕಷ್ಟ.

ಹಾಗಾದರೆ ಹೆಬ್ಬಾರ್ಸ್ ಕಿಚನ್, ಭಟ್ ಎನ್ ಭಟ್ ದಾರಿಯೇ? ಪೂರ್ತಿ ಅಲ್ಲ. ಅವು ವ್ಯಕ್ತಿಯ ಹೆಸರಿನಂತೆ ಕಂಡರೂ ಅಡ್ಡಹೆಸರುಗಳು. ನಮ್ಮ ನಾಡಿನಲ್ಲಿ ಅಡ್ಡಹೆಸರು ಜಾತಿ ಹೇಳುತ್ತದೆ, ಜಾತಿ ಕೇಳಿದವರು ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ತಾವೇ ಊಹಿಸಿಕೊಳ್ಳುತ್ತಾರೆ. ಆ ಚಾನೆಲ್ಲುಗಳಿಗೆ ಅದು ಅನುಕೂಲವೇ ಆಗಿರಬಹುದು. ಶ್ರಾವಣದಲ್ಲಿ ಹೋಳಿಗೆ, ಉಳಿದ ದಿನ ಮೀನು ಮಾಡುವ ಮನೆಗೆ ಅಡ್ಡಹೆಸರು ಇಕ್ಕಟ್ಟು. ಹೆಸರಿನ ಮುಂದೆ ‘ವೈನಿ’ ಸಾಕು. ಬೆಳಗಾವಿಯವರಿಗೆ ಆ ಒಂದು ಮಾತಿನಲ್ಲೇ ಊರು ತಿಳಿಯುತ್ತದೆ.

ಸ್ವಂತ ಹೆಸರಿಗೂ ಮಿತಿ ಇದೆ. ವೈನಿ ನಿಲ್ಲಿಸಿದರೆ ಚಾನೆಲ್ಲನ್ನು ಸೊಸೆಗೆ ದಾಟಿಸುವುದು, ಮಾರುವುದು ಕಷ್ಟ. ಮಹಿಳಾ ಸಂಘದ ಹತ್ತು ಜನ ಸೇರಿ ನಡೆಸುವುದಾದರೆ ಊರ ಹೆಸರೇ ನ್ಯಾಯ, ಒಬ್ಬಳ ಹೆಸರಿಟ್ಟರೆ ಉಳಿದವರು ಕಾಣೆಯಾಗುತ್ತಾರೆ. ಆದರೆ ಇಲ್ಲಿ ಅಡುಗೆ ಮಾಡುವವರು ಒಬ್ಬರೇ. ಮಗ ಹಿಡಿಯುವುದು ಮೊಬೈಲು ಮಾತ್ರ.